ಗುರುವಾರ ಬೆಳಗಿನ ರೂಮು

ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ವಿಮಾನದ ಟಿಕೆಟ್ ಮಾಡಿಕೊಡುತ್ತಿದ್ದೇನೆ. ತಾರೀಖಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಬುಧವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರು ಬಿಟ್ಟು, ಸಂಜೆ ಸಿಂಗಪುರದಲ್ಲಿ ವಿಮಾನ ಬದಲಿಸಿದರೆ ಮೆಲ್ಬರ್ನ್ ತಲುಪುವುದು ಅಲ್ಲಿಯ ಗುರುವಾರ ಬೆಳಿಗ್ಗೆ ಐದೂವರೆಗೆ. ಆಗ ನಮ್ಮಲ್ಲಿ ರಾತ್ರಿ ಒಂದು ಗಂಟೆ. ಇದೆಲ್ಲ ನನಗೆ ಬಾಯಿಪಾಠ.

ಹರಿಹರದ ಹೆಂಗಸೊಬ್ಬರು ಮೈದುನನ ಜೊತೆ ನನ್ನ ಆಫೀಸಿಗೆ ಬಂದಿದ್ದರು. ಮಷೀನು ಕೂರಿಸಲು ಹೋಗಿದ್ದ ಗಂಡ ಮೆಲ್ಬರ್ನಿನಲ್ಲಿ ತೀರಿಹೋಗಿದ್ದರು. ದಹನ ಅಲ್ಲೇ, ಗುರುವಾರ ಹನ್ನೊಂದಕ್ಕೆ. ವೀಸಾ ತಡವಾಗಿ, ಇಬ್ಬರಿಗೂ ಆ ಬುಧವಾರದ್ದಕ್ಕಿಂತ ಮೊದಲಿನ ವಿಮಾನ ಸಿಗಲಿಲ್ಲ.

"ಎರಡು ತಾಸು ರೂಮ್ ಸಿಕ್ರೆ ಸಾಕಣ್ಣ. ತಲೆ ಮೇಲೆ ನೀರು ಹಾಕ್ಕೊಂಡು ಹೋಗ್ಬೇಕು," ಎಂದರು. ಫ್ಯಾಕ್ಟರಿಯಿಂದ ಬಂದ ಗಂಡನನ್ನು ಸ್ನಾನ ಮಾಡದೆ ಒಳಗೆ ಬಿಟ್ಟವರಲ್ಲವಂತೆ. ಈಗ ತಾವು ಹಾಗೇ ಹೋಗಿ ನಿಲ್ಲುವುದು ಹೇಗೆ ಎಂದು ನನ್ನನ್ನೇ ಕೇಳಿದರು.

"ಚಿಂತಿ ಬ್ಯಾಡ್ರಿ," ಎಂದೆ. ಗುರುವಾರದಿಂದ ಶನಿವಾರಕ್ಕೆ, ಎರಡು ರಾತ್ರಿ ಹೋಟೆಲು ಬುಕ್ ಮಾಡಿದೆ.

ನಮ್ಮ ಬಸ್‌ಸ್ಟ್ಯಾಂಡಿನ ಲಾಡ್ಜುಗಳಲ್ಲಿ ಬೆಳಿಗ್ಗೆ ಆರಕ್ಕೆ ಬೀಗದ ಕೈ ಇಸಿದುಕೊಂಡರೆ ಮರುದಿನ ಆರರವರೆಗೆ ರೂಮು ನಮ್ಮದು. ಆ ರೂಢಿ ತಲೆಯಲ್ಲಿತ್ತು. ಮೆಲ್ಬರ್ನಿನಲ್ಲಿ ಗುರುವಾರದ ರೂಮೆಂದರೆ ಮಧ್ಯಾಹ್ನ ಎರಡರ ಮೇಲೆ. ಬೆಳಿಗ್ಗೆ ಬೇಕೆಂದರೆ ಅವರು ಇನ್ನೂ ಆಕಾಶದಲ್ಲಿರುವ ಬುಧವಾರ ರಾತ್ರಿಯನ್ನೂ ಸೇರಿಸಿ ಮೂರು ರಾತ್ರಿ ಹಿಡಿಯಬೇಕಿತ್ತು. ಮುಂಜಾನೆ ಬರುತ್ತಾರೆ, ರೂಮು ಬಿಟ್ಟುಕೊಡಬೇಡಿ ಎಂದು ಹೋಟೆಲಿನವರಿಗೂ ಬರೆಯಬೇಕಿತ್ತು. ಗೊತ್ತಿರದ ವಿಷಯವೇನಲ್ಲ. ದಿನ ಲೆಕ್ಕ ಹಾಕಿ ಬೀಗಿದವನು ರಾತ್ರಿ ಲೆಕ್ಕ ಹಾಕಲಿಲ್ಲ, ಅಷ್ಟೇ.

ಗುರುವಾರ ಆರಕ್ಕೆ ಎದ್ದಾಗ ಮೊಬೈಲಿನಲ್ಲಿ ಮೈದುನನ ನಾಲ್ಕು ಮಿಸ್ಡ್ ಕಾಲ್. ಅಲ್ಲಿ ಆಗಲೇ ಹತ್ತೂವರೆ. ಫೋನ್ ಮಾಡಿದೆ.

"ರೂಮ್ ಒಂದೂ ಖಾಲಿ ಇಲ್ವಂತ್ರಿ. ಮುಖ ತೊಳ್ಕೊಂಡು ಕಾರ್ ಹತ್ತೇವಿ," ಎಂದ ಮೈದುನ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲ್ಲುಜ್ಜಿದೆ, ತಿಂಡಿ ತಿಂದೆ, ಹತ್ತಕ್ಕೆ ಆಫೀಸು ತೆಗೆದೆ.

ತಿಂಗಳ ಮೇಲೆ ಆ ಹೆಂಗಸು ಒಬ್ಬರೇ ಬಂದರು. ಗಂಡನ ಕಂಪನಿಗೆ ಕೊಡಲು ಟಿಕೆಟ್ಟಿನ ಪ್ರತಿ ಬೇಕಿತ್ತು. ಪ್ರಿಂಟ್ ತೆಗೆದೆ. ತಪ್ಪು ನನ್ನದೇ ಎಂದೆ, ಲಾಡ್ಜಿನ ಲೆಕ್ಕವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಇಪ್ಪತ್ತಾರು ವರ್ಷ ಅವರನ್ನ ಸ್ನಾನ ಮಾಡ್ದೆ ಒಳಗ ಬಿಡ್ಲಿಲ್ಲ ನಾನು," ಎಂದು ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡರು. "ಅವರು ನನ್ನ ಹಂಗೇ ಒಳಗ ಬಿಟ್ಕಂಡ್ರು."