ಎಂಟು ದಿನ ಮೀರಿದ ಹಳದಿ ಟ್ಯಾಗ್

ತಿಂಗಳ ಮೊದಲ ಭಾನುವಾರ ನಾನು ಅಟ್ಟ ಸ್ವಚ್ಛ ಮಾಡುತ್ತೇನೆ. ಈ ಸಲ, ಎಂದೂ ಸರಿಸದ ಮೂಲೆಯ ಡಬ್ಬದ ಹಿಂದೆ, ಕೆಲಸಕ್ಕೆ ಒಯ್ಯುತ್ತಿದ್ದ ಊಟದ ಚೀಲ ಸಿಕ್ಕಿತು. ಬಟ್ಟೆ ಎಲ್ಲ ಮಾಸಿದೆ. ಆದರೆ ಮೂಗಿನ ಹತ್ತಿರ ಹಿಡಿದರೆ ಮಿಷನ್ನಿನ ಕಟಿಂಗ್ ಆಯಿಲ್ ವಾಸನೆ ಇನ್ನೂ ಇದೆ. ಹಿಡಿಕೆಗೆ ತಂತಿ ಸುತ್ತಿದ ಹಳದಿ ಟ್ಯಾಗ್ ಕೂಡ ಹಾಗೇ ನೇತಾಡುತ್ತಿತ್ತು. ಮುಂದಿನ ಕೆಲಸ ಅಲ್ಲಿಗೇ ನಿಂತಿತು. ನನ್ನ ದಿನಚರಿಯಲ್ಲಿ ಹೀಗೆ ಆಗುವುದು ಅಪರೂಪ.

ಪೀಣ್ಯದ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ನೋಡುತ್ತಿದ್ದೆ. ಪಂಪುಗಳಿಗೆ ಹಾಕುವ, ಲೋಹದ ಬಳೆಯಂಥ ಬುಷ್‌ಗಳನ್ನು ಅಳೆಯುವುದು ಕೆಲಸ. ಅಳತೆ ಸರಿ ಇದ್ದರೆ ಹಸಿರು ಟ್ಯಾಗ್, ಕೆಟ್ಟಿದ್ದರೆ ಕೆಂಪು, ತೀರ್ಮಾನವಾಗದೆ ಇದ್ದರೆ ಹಳದಿ. ಹಳದಿ ಎಂದರೆ ಹೋಲ್ಡ್. ಅದು ಎಂಟು ದಿನಕ್ಕಿಂತ ಹೆಚ್ಚು ನೇತಾಡಬಾರದು ಎಂಬ ನಿಯಮ ತಂದವಳು ನಾನೇ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ಯಾವುದನ್ನಾದರೂ ಅರ್ಧಕ್ಕೆ ಬಿಟ್ಟರೆ ನನಗೆ ನಿದ್ದೆ ಬಾರದು.

ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದವರು ಸೇಲಂ ಕಡೆಯವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದರು. ನಾನೂ ಮೂವತ್ತೊಂದಕ್ಕೆ ಗಂಡನನ್ನು ಕಳೆದುಕೊಂಡವಳು. ಲಗ್ಗೆರೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಹತ್ತು ಇಪ್ಪತ್ತರ ಟೀಗೆ ಕ್ಯಾಂಟೀನಿನ ಹಿಂದೆ, ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂರುತ್ತಿದ್ದೆವು. ಆರು ವರ್ಷ ಹೀಗೇ ನಡೆಯಿತು. ನೀರಿನ ವಿಷಯಕ್ಕೆ ಊರು ಬಂದ್ ಆದ ದಿನಗಳಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಯಾವ ಭಾಷೆಯವರು ಎಂದು ಗೊತ್ತಾಗುತ್ತದಲ್ಲ. ಅಂಥ ಸಂಜೆ ಬಸ್ ಸ್ಟಾಪಿನವರೆಗೆ ನಾನೇ ಜೊತೆಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಮಾತಾಡುತ್ತಾ ನಿಲ್ಲುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು...

ನನಗೆ ಅವರ ಮೇಲೆ ಮನಸ್ಸಾದದ್ದು ಯಾವಾಗ ಎಂದು ಹೇಳಲಾರೆ. ಬೇರೆಯವರಿಗೆ ತಿಳಿದದ್ದು ಯಾವಾಗ ಎಂದು ಮಾತ್ರ ಹೇಳಬಲ್ಲೆ. ಕಾರ್ಖಾನೆಯಲ್ಲಿ ಗಂಡಸರನ್ನೆಲ್ಲ ಅಣ್ಣ ಎಂದೇ ಕರೆಯುವುದು. ಮೊದಲು ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ನಂತರ ಯಾವಾಗಲೋ ಸಾರ್ ಎನ್ನತೊಡಗಿದೆ. ಅದನ್ನು ಹಿಡಿದವಳು ಕ್ಯಾಂಟೀನಿನಲ್ಲಿ ಟೀ ಕಾಸುವವಳು.

"ಏನಕ್ಕಾ, ಎಲ್ರೂ ಅಣ್ಣ, ಅವ್ರೊಬ್ರು ಮಾತ್ರ ಸಾರ್ ಆಗ್ಬಿಟ್ರಾ? ಪ್ರಮೋಷನ್ ಯಾರು ಕೊಟ್ಟಿದ್ದು?"

"ನಿನ್ ಹಾಲು ಉಕ್ತಾ ಇದೆ ನೋಡ್ಕೊ" ಎಂದೆ. ಆದರೆ ಆ ದಿನವೇ ತೀರ್ಮಾನ ಮಾಡಿದೆ. ನನ್ನ ಮನಸ್ಸಿನ ಮಾತು ಟೀ ಕಾಸುವವಳ ಬಾಯಿಂದ ಅವರಿಗೆ ತಲುಪಬಾರದು. ಹೇಳುವುದಾದರೆ ನಾನೇ ಹೇಳಬೇಕು. ಹೇಳಿದ ಮೇಲೂ ಆ ಬೆಂಚು ಉಳಿಯಬೇಕು. ನನಗಿದ್ದದ್ದು ಅದೊಂದೇ.

ಹೇಳಬೇಕಾದ್ದನ್ನು ನಾಲ್ಕು ಸಂಜೆ ಕೂತು ಬರೆದೆ. ಮೊದಲನೆಯದು ಎರಡು ಪುಟ ಆಯಿತು. ನನಗೆ ಜ್ವರ ಬಂದಾಗ ಔಷಧಿ ತಂದದ್ದು, ಮಳೆಯಲ್ಲಿ ನನಗಾಗಿ ಕೊಡೆ ಬಿಟ್ಟು ಹೋದದ್ದು, ಎಲ್ಲವೂ ಅದರಲ್ಲಿತ್ತು. ಓದಿ ಹರಿದೆ. ಅವರು ಮಾಡಿದ ಉಪಕಾರಗಳನ್ನೆಲ್ಲ ಹೇಳಿ ಕೊನೆಗೆ ಆಸೆ ಹೇಳಿದರೆ, ಸ್ನೇಹದಿಂದ ಮಾಡಿದ್ದಕ್ಕೆಲ್ಲ ಬೇರೆ ಅರ್ಥ ಕಟ್ಟಿದ ಹಾಗಾಗುತ್ತದೆ. ಆಮೇಲೆ ಅವರು ಒಂದು ಮಾತ್ರೆ ಕೊಡುವುದಕ್ಕೂ ಹೆದರಬೇಕಾಗುತ್ತದೆ.

ಎರಡನೆಯದನ್ನು ಅವರ ಭಾಷೆಯಲ್ಲಿ ಹೇಳೋಣ ಎಂದುಕೊಂಡೆ. ನನಗಿದ್ದದ್ದು ಊಟ ಆಯ್ತಾ, ಬಸ್ ಬಂತಾ ಎನ್ನುವಷ್ಟು ತಮಿಳು. ಅರ್ಧ ಗೊತ್ತಿರುವ ಭಾಷೆಯಲ್ಲಿ ಮಾತಿನ ತೂಕ ನಮಗೆ ತಿಳಿಯುವುದಿಲ್ಲ. ಅವರು ವಿಷಯ ಬಿಟ್ಟು ನನ್ನ ಉಚ್ಚಾರ ಕೇಳಿ ನಗಬಹುದು. ಅವರಿಗೆ ಗೌರವ ಕೊಡಲು ಹೋಗಿ ಅವರನ್ನು ಮೇಷ್ಟ್ರು ಮಾಡಿದಂತಾಗುತ್ತದೆ. ಹೀಗಾಗಿ ಕನ್ನಡವೇ ಎಂದಾಯಿತು. ಆದರೆ ಪುಸ್ತಕದ ಕನ್ನಡ ಬೇಡ, ಬೆಂಚಿನ ಮೇಲೆ ನಾವಿಬ್ಬರೂ ಆಡುವ ಕನ್ನಡ, ಚಿಕ್ಕ ಚಿಕ್ಕ ವಾಕ್ಯ. ಪ್ರೀತಿ, ಪ್ರೇಮ ಎಂಬ ಮಾತುಗಳನ್ನೂ ತೆಗೆದೆ. ಅವನ್ನು ಅವರು ಆಟೋಗಳ ಹಿಂದೆ, ಸಿನಿಮಾ ಪೋಸ್ಟರಿನ ಮೇಲೆ ಮಾತ್ರ ನೋಡಿದ್ದರು. ನಾನೂ ಅಷ್ಟೇ. 'ಸುಮ್ಮನೆ ತಮಾಷೆಗೆ ಹೇಳಿದೆ' ಎಂದು ಜಾರಿಕೊಳ್ಳಲು ಇಟ್ಟಿದ್ದ ಒಂದು ಸಾಲನ್ನು ಕೊನೆಗೆ ಹೊಡೆದುಹಾಕಿದೆ. ನನ್ನ ಮಾತನ್ನು ನಾನೇ ತಮಾಷೆ ಮಾಡಿದರೆ ಅವರಾದರೂ ಯಾಕೆ ನಂಬಬೇಕು?

ಸಮಯವನ್ನೂ ಯೋಚಿಸಿದೆ. ಬಸ್ಸಿನಲ್ಲಿ ಹೇಳಿದರೆ ಅವರು ಎದ್ದು ಹೋಗುವ ಹಾಗಿಲ್ಲ. ಮಿಷನ್ ಹತ್ತಿರ ಹೇಳಿದರೆ ಕೈ ಜಾರುತ್ತದೆ. ಶನಿವಾರ ಅರ್ಧ ದಿನದ ಪಾಳಿ. ಎರಡು ಗಂಟೆಗೆ ಬೆಂಚಿನ ಹತ್ತಿರ ಯಾರೂ ಇರುವುದಿಲ್ಲ. ಮುಂದೆ ಭಾನುವಾರ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಶನಿವಾರವೇ ಸರಿ ಎಂದುಕೊಂಡೆ.

ಆಗ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಗೋಡೆಯಾಚೆ ಏನನ್ನೋ ಬಡಿಯುವ ಸದ್ದು. ಅವರು ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ನಾನು ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಸಾರ್, ನಿಮ್ಮ ಮೇಲೆ ನಂಗೆ ಸ್ನೇಹಕ್ಕಿಂತ ಜಾಸ್ತಿ ಮನಸ್ಸಿದೆ. ನಿಮಗೆ ಹೆಣ್ಣುಮಕ್ಕಳಿದ್ದಾರೆ, ನಿಮ್ಮ ಜನ ಒಪ್ಪಲ್ಲ, ನಮ್ಮೋರೂ ಒಪ್ಪಲ್ಲ, ಎಲ್ಲ ಗೊತ್ತು. ಅದಕ್ಕೆ ನೀವೇನೂ ಮಾಡ್ಬೇಕಾಗಿಲ್ಲ. ಉತ್ತರಾನೂ ಬೇಡ. ಸೋಮವಾರ ಟೀ ಮಾಮೂಲಿ."

ಅವರು ತಮ್ಮ ಆ ನಿಧಾನದ ಕನ್ನಡದಲ್ಲಿ ಹೇಳಿದರು.

"ಮೇಡಂ, ಪೀಸ್ ತಂದಿದ್ದೂ ನೀವೇ, ರೆಡ್ ಟ್ಯಾಗ್ ಹಾಕಿದ್ದೂ ನೀವೇ. ನಾನು ನೋಡೋದಕ್ಕೆ ಏನ್ ಬಿಟ್ಟಿದ್ದೀರಾ?"

ನನಗೆ ಕೋಪ ಬಂತು. ನಾಲ್ಕು ಸಂಜೆಯ ಕೆಲಸ ಅದು. ಆದರೆ ಅವರು ಹೇಳಿದ್ದು ನಿಜ. ಸ್ನೇಹ ಉಳಿಸುವ ಭಯದಲ್ಲಿ ಅವರ ಪರವಾಗಿ ನಾನೇ ಇಲ್ಲ ಎಂದು ಬರೆದುಕೊಂಡು ಬಂದಿದ್ದೆ. ಅವರ ಮಕ್ಕಳ ಬಗ್ಗೆ, ಅವರ ಜನರ ಬಗ್ಗೆ ಅವರೇ ಯೋಚಿಸಬೇಕಾದ್ದನ್ನು ನಾನು ಯೋಚಿಸಿ ಮುಗಿಸಿದ್ದೆ. ಅಳತೆಯನ್ನೇ ತೆಗೆಯದೆ ಪೀಸನ್ನು ಬುಟ್ಟಿಗೆ ಹಾಕುವವರನ್ನು ನಾನು ಎಷ್ಟು ಸಲ ಬೈದಿಲ್ಲ.

ಎದ್ದು ನಿಂತೆ. ಚೀಲ ಎದೆಗೆ ಹಿಡಿದುಕೊಂಡು ಮತ್ತೆ ಹೇಳಿದೆ. ಈ ಸಲ ಬಾಯಿಪಾಠ ಇರಲಿಲ್ಲ.

"ನಿಮ್ಮ ಜೊತೆ ಬದುಕ್ಬೇಕು ಅಂತ ನಂಗೆ ಆಸೆ ಇದೆ. ನಿಮಗೆ ಇದ್ಯಾ? ಇದ್ರೆ ಇದೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಯಾವ್ದಾದ್ರೂ ಸರಿ, ನಾನು ಈ ಬೆಂಚಿಗೆ ಬರ್ತೀನಿ."

ಅವರು ಮೇಲಂಗಿಯ ಜೇಬಿನಿಂದ ಒಂದು ಹಳದಿ ಟ್ಯಾಗ್ ತೆಗೆದು ನನ್ನ ಚೀಲದ ಹಿಡಿಕೆಗೆ ಕಟ್ಟಿದರು. ತಂತಿಯನ್ನು ಎರಡು ಸುತ್ತು ತಿರುಗಿಸಿದರು.

"ಹೋಲ್ಡ್. ಎಂಟು ದಿನ ಕೊಡಿ. ರೂಲ್ ನಿಮ್ದೇ ಅಲ್ವಾ?"

ಸೋಮವಾರ ಹತ್ತು ಇಪ್ಪತ್ತಕ್ಕೆ ಹೋದೆ. ಕಾಲು ಹಿಂದೆ ಎಳೆಯುತ್ತಿತ್ತು, ಆದರೂ ಹೋದೆ. ಬರುತ್ತೇನೆ ಎಂದು ಹೇಳಿ ಬಾರದಿದ್ದರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಗ್ರೈಂಡಿಂಗ್ ಕಲ್ಲು ಬೇಗ ಸವೆಯುವ ಬಗ್ಗೆ ನಾನೇ ಮಾತು ತೆಗೆದೆ. ಅವರು ಹೊಸ ಕಲ್ಲಿನ ಬಗ್ಗೆ ಹೇಳಿದರು. ಮೂರನೇ ದಿನಕ್ಕೆ ಇಬ್ಬರೂ ನಕ್ಕೆವು, ಯಾವುದಕ್ಕೋ... ಉತ್ತರ ಏನಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಕಣ್ಣಿನಲ್ಲೂ ಕೇಳಲಿಲ್ಲ. ಟ್ಯಾಗ್ ಮಾತ್ರ ಬಿಚ್ಚಲಿಲ್ಲ. ಹಾಗೇ ನೇತಾಡಿಸಿಕೊಂಡು ಗೇಟು ದಾಟುತ್ತಿದ್ದೆ.

"ಅಕ್ಕಾ, ಚೀಲಕ್ಕೇ ಹೋಲ್ಡ್ ಹಾಕವ್ರೆ? ಸ್ಕ್ರ್ಯಾಪ್ ಆದ್ರೆ ನಂಗೆ ಕೊಡಿ" ಎಂದಳು ಟೀ ಕಾಸುವವಳು.

"ಇಲ್ಲಿ ಸ್ಕ್ರ್ಯಾಪ್ ಮಾಡೋ ಅಧಿಕಾರ ನಂದು ಕಣೆ" ಎಂದೆ.

ಎಂಟನೇ ದಿನ ಭಾನುವಾರ ಬೀಳುತ್ತಿತ್ತು. ಅವರು ಒಂದು ದಿನ ಮೊದಲೇ, ಶನಿವಾರ ಎರಡು ಗಂಟೆಗೆ, ಅದೇ ಬೆಂಚಿನ ಮೇಲೆ ಹೇಳಿದರು.

"ಆಸೆ ಇದೆ ಮೇಡಂ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಜೊತೇಲಿ ಬದುಕೋಕೆ ನನ್ನಿಂದ ಆಗಲ್ಲ. ಮಕ್ಕಳಿಗೆ ಅಮ್ಮ ಇಲ್ಲ. ಅಪ್ಪಾನೂ ಬೇರೆ ಮನೆ ಮಾಡ್ಬಿಟ್ಟ ಅಂತ ಅವರು ಅಂದ್ಕೊಂಡ್ರೆ ನಂಗೆ ತಡೆಯೋಕಾಗಲ್ಲ. ಇದು ನಂದೇ ತೀರ್ಮಾನ. ಜನಕ್ಕೆ ಹೆದರಿ ಅಲ್ಲ."

ನೋವಾಗಲಿಲ್ಲ ಎಂದರೆ ನಾನೂ ಸುಳ್ಳು ಹೇಳಿದಂತೆ. ಆದರೂ "ಟೀ?" ಎಂದೆ.

"ಹತ್ತು ಇಪ್ಪತ್ತು" ಎಂದರು.

ಸುದ್ದಿ ಹೇಗೋ ನನ್ನ ತಮ್ಮನ ಕಿವಿಗೆ ಬಿತ್ತು. ಲಗ್ಗೆರೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ. "ಈ ವಯಸ್ಸಲ್ಲಿ ಬೇಕಿತ್ತೇನಕ್ಕ ಇದು? ಅದೂ ತಮಿಳ್ರೋನಿಗೆ ನೀನೇ ಹೋಗಿ ಹೇಳೋದಾ? ಅವನು ಬೇಡ ಅಂದ್ನಂತೆ ಬೇರೆ."

"ಹೇಳಿದ್ದು ಕನ್ನಡದಲ್ಲೇ ಕಣೋ" ಎಂದೆ. "ಒಳಗ್ ಬಾ, ಚಪ್ಪಲಿ ಬಿಡು. ಊಟದ ಟೈಮ್ ಆಯ್ತು."

ಅವನು ಉಂಡು ಹೋದ. ಮಾನ ಹೋಯಿತು ಎಂದು ಇವತ್ತಿಗೂ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಕೇಳುವ ಮಾತನ್ನು ಸರಿಯಾಗಿ ಕೇಳಿದೆ, ಸರಿಯಾದ ಉತ್ತರ ಸಿಕ್ಕಿತು. ಇದರಲ್ಲಿ ಯಾರ ಮಾನ ಹೋಯಿತು? ಆ ಶನಿವಾರದ ನಂತರ ಐದು ವರ್ಷ ಅದೇ ಬೆಂಚಿನ ಮೇಲೆ ಟೀ ಕುಡಿದೆವು. ಹೇಳದೆ ಉಳಿಸಿಕೊಂಡ ಸ್ನೇಹಕ್ಕಿಂತ, ಹೇಳಿ ಉಳಿಸಿಕೊಂಡದ್ದರಲ್ಲಿ ನಾನು ಆರಾಮಾಗಿ ಕೂತಿದ್ದೆ. ಬಚ್ಚಿಡುವುದು ಏನೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಊರಿಗೆ ಹೋದರು. ಶನಿವಾರ ಹತ್ತು ಇಪ್ಪತ್ತಕ್ಕೆ ಫೋನು ಬರುತ್ತಿತ್ತು. ಅಲ್ಲಿ ಅವರು ಲೋಟ ಹಿಡಿದಿರುತ್ತಿದ್ದರು, ಇಲ್ಲಿ ನಾನು. ಒಂದು ಶನಿವಾರ ಅದೇ ಹೊತ್ತಿಗೆ ಅವರ ನಂಬರಿನಿಂದ ಚಿಕ್ಕ ಮಗಳ ದನಿ ಬಂತು. ನನ್ನ ಅರ್ಧ ತಮಿಳು, ಅವಳ ಚೂರು ಕನ್ನಡ... ಅವರು ಇನ್ನಿಲ್ಲ ಎಂಬ ವಿಷಯ ತಿಳಿಯಿತು. ಕೊನೆಗೆ ಅವಳು ಕೇಳಿದಳು, "ನೀವು ಅಪ್ಪಂಗೆ ಏನಾಗ್ಬೇಕು?"

ಜೊತೆಯಲ್ಲಿ ಕೆಲಸ ಮಾಡಿದವಳು ಎನ್ನಬಹುದಿತ್ತು. ಅವರು ನನಗೆ ಸುಳ್ಳು ಹೇಳಿರಲಿಲ್ಲ, ಅವರ ಮಗಳಿಗೆ ನಾನು ಹೇಗೆ ಹೇಳಲಿ? "ನಿಮ್ಮಪ್ಪನ್ನ ತುಂಬಾ ಇಷ್ಟಪಟ್ಟವಳಮ್ಮ. ಅವರಿಗೂ ಗೊತ್ತಿತ್ತು" ಎಂದೆ. ಅವಳು ಅಳುತ್ತಲೇ ನನಗೆ ಟೀ ಆಯಿತೇ ಎಂದು ಕೇಳಿದಳು.

ಈಗ ಆ ಫೋನೂ ಇಲ್ಲ, ಆ ಬೆಂಚೂ ಇಲ್ಲ. ಕಾರ್ಖಾನೆಯ ಜಾಗದಲ್ಲಿ ಗೋದಾಮು ಬಂದಿದೆ. ಚೀಲವನ್ನು ಒಗೆದು ಬಿಸಿಲಿಗೆ ಹಾಕಿದೆ. ನಾಳೆಯಿಂದ ತರಕಾರಿಗೆ ಅದನ್ನೇ ಒಯ್ಯುತ್ತೇನೆ. ಒಗೆಯುವಾಗ ಟ್ಯಾಗನ್ನು ಬಿಚ್ಚಿಟ್ಟಿದ್ದೆ. ಅದರ ಮೇಲೆ ತೀರ್ಮಾನ ಬರೆಯುವ ಜಾಗ ಖಾಲಿ ಇದೆ. ಪೆನ್ನು ಹಿಡಿದು ನೋಡಿದೆ, ಬರೆಯಲಿಲ್ಲ. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಎಂಟು ದಿನ ಮೀರಿದ ಟ್ಯಾಗ್ ಇದೊಂದೇ. ಚೀಲ ಒಣಗಿದ ಮೇಲೆ ಅದೇ ಹಿಡಿಕೆಗೆ ಕಟ್ಟಿ, ತಂತಿಯನ್ನು ಎರಡು ಸುತ್ತು ತಿರುಗಿಸಿದೆ.