ಇನ್ನೂ ಹದಿನೈದು ಸಲ ಉಳಿದಿದೆ ಎಂದ ಲೆಕ್ಕ

ಕೋಲಾರದ ನಮ್ಮ ಪುಟ್ಟ ಕಚೇರಿಯಲ್ಲಿ ರೇಷ್ಮೆ ಬೆಳೆಗಾರರಿಗೆ ಕನ್ನಡದಲ್ಲೇ ಉತ್ತರ ಕೊಡುವ ಚಾಟ್ ತಯಾರಾಗುತ್ತಿತ್ತು. ಪರೀಕ್ಷೆಗೆಂದು ಶ್ರೀನಿವಾಸಪುರದ ನನ್ನ ಸೋದರತ್ತೆಯ ಫೋನಿಗೂ ಹಾಕಿಕೊಟ್ಟಿದ್ದೆ. ಅವರ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು. ಆ ಹೊತ್ತಿನ ಅವುಗಳ ಹಸಿವು ಹೇಳತೀರದು.

ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. ಪಕ್ಕದ ಟೊಮೆಟೊ ತೋಟದವರು ಔಷಧಿ ಹೊಡೆದಿದ್ದಾರೆ, ಪೂರ್ವದ ಸಾಲಿನ ಹಿಪ್ಪುನೇರಳೆ ಸೊಪ್ಪು ಬೇಡ ಎಂದು ಬೆಳಿಗ್ಗೆ ಮೊಟ್ಟಮೊದಲು ಚಾಟ್‌ಗೆ ಹೇಳಿದ್ದರಂತೆ. ಆಮೇಲೆ ಸುಣ್ಣ, ತೇವ, ಗಾಳಿ ಎಂದು ಏನೇನೋ ಕೇಳಿದ್ದಾರೆ, ಯಾವ ಸಾಲು ಎಷ್ಟು ಬಲಿತಿದೆ ಎಂದೂ ಹೇಳಿದ್ದಾರೆ. ಈಗ ಅದೇ ಚಾಟ್, ಪೂರ್ವದ ಸಾಲು ಚೆನ್ನಾಗಿ ಬಲಿತಿದೆ, ಅದನ್ನೇ ಹಾಕಿ ಎನ್ನುತ್ತಿದೆ.

"ನಾನು ಹೇಳಿದ್ನೋ ಇಲ್ವೋ ಅಂತ ನನಗೇ ಅನುಮಾನ ಬಂದುಬಿಟ್ಟಿದೆ ಕಣೇ. ಸೊಪ್ಪು ಕೊಯ್ದಿಟ್ಟಿದ್ದೀನಿ. ಹಾಕ್ಲಾ ಬೇಡ್ವಾ?"

ನೋಡಿ ಹೇಳುತ್ತೇನೆ ಎಂದೆ. ನಮ್ಮ ಚಾಟ್ ಉತ್ತರ ಕೊಡುವುದು ಒಂದು ಎಐ ಮಾಡೆಲ್ ಮೂಲಕ. ಮಾಡೆಲ್‌ಗೆ ಒಮ್ಮೆಗೆ ಎಂಟು ಸಾವಿರ ಟೋಕನ್ ಮಾತ್ರ ಹಿಡಿಸುತ್ತದೆ. ಟೋಕನ್ ಎಂದರೆ ಮಾತಿನ ಚೂರು. ನಮ್ಮ ಸೂಚನೆಗಳಿಗೆ, ಬರಬೇಕಾದ ಉತ್ತರಕ್ಕೆ ಎರಡು ಸಾವಿರ ಬಿಟ್ಟರೆ ಉಳಿದದ್ದು ಆರು ಸಾವಿರ. ಪ್ರತಿ ಪ್ರಶ್ನೆಯ ಜೊತೆಗೂ ಹಿಂದಿನ ಮಾತೆಲ್ಲ ಮತ್ತೆ ಹೋಗುತ್ತದೆ. ಜಾಗ ಸಾಲದಿದ್ದರೆ ನಮ್ಮ ಪ್ರೋಗ್ರಾಂ ಹಳೆಯದನ್ನೇ ಮೊದಲು ಬಿಡುತ್ತದೆ. ಒಂದು ಸಲದ ಪ್ರಶ್ನೆ, ಉತ್ತರಕ್ಕೆ ಇನ್ನೂರು ಟೋಕನ್ ಎಂದು ಅಂದಾಜಿಸಿ, ಮೂವತ್ತು ಸಲದವರೆಗೆ ಏನೂ ಬಿಟ್ಟುಹೋಗುವುದಿಲ್ಲ ಎಂದು ನಾವು ಲೆಕ್ಕ ಹಾಕಿದ್ದೆವು. ಅತ್ತೆಯದು ಹದಿನೈದು ಸಲ ಆಗಿತ್ತು. ಇನ್ನೂ ಹದಿನೈದು ಉಳಿದಿದೆ ಎಂದು ಅವರ ಫೋನಿನಲ್ಲೂ ತೋರಿಸುತ್ತಿತ್ತು. ಹಾಗಿದ್ದರೆ ಮೊದಲ ಮಾತು ಎಲ್ಲಿ ಹೋಯಿತು? ಅತ್ತೆ ಹೇಳಲೇ ಇಲ್ಲವೇ? ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಉಳಿಸಿಟ್ಟ ಮಾತುಕತೆ ತೆರೆದರೆ ಅವರ ಮಾತು ಮೊದಲ ಸಾಲಿನಲ್ಲೇ ಇತ್ತು. ಕೊನೆಯ ಪ್ರಶ್ನೆಯ ಜೊತೆ ಮಾಡೆಲ್‌ಗೆ ಹೋದದ್ದನ್ನು ತೆರೆದರೆ ಅದು ಇರಲಿಲ್ಲ. ಇನ್ನಷ್ಟು ಗೊಂದಲ. ಸಹೋದ್ಯೋಗಿ ಅತ್ತೆಯ ಮಾತುಗಳನ್ನೇ ಟೋಕನ್ ಎಣಿಸುವ ಪ್ರೋಗ್ರಾಂಗೆ ಹಾಕಿದ. ನಮ್ಮ ಇನ್ನೂರು ಬಂದದ್ದು ಇಂಗ್ಲಿಷ್ ಪ್ರಶ್ನೋತ್ತರಗಳಿಂದ. ಈ ಮಾಡೆಲ್ ಕನ್ನಡದ ಒಂದೊಂದು ಪದವನ್ನೂ ಹಲವು ಚೂರು ಮಾಡುತ್ತಿತ್ತು. ತೆಲುಗು ಬೆರೆತ ಅತ್ತೆಯ ಮಾತಂತೂ ಇನ್ನೂ ಪುಡಿಪುಡಿ. ಸಲಕ್ಕೆ ಸರಾಸರಿ ಆರುನೂರು ಬಂತು. ಅಂದರೆ ಹಿಡಿಸುವುದು ಹತ್ತೇ ಸಲ. ಮೊದಲಿನ ಐದು ಆಗಲೇ ಬಿದ್ದುಹೋಗಿದ್ದವು.

ಫೋನ್ ಮಾಡಿ, ನೀವು ಹೇಳಿದ್ದೇ ಸರಿ, ಆ ಸೊಪ್ಪು ಹಾಕಬೇಡಿ ಎಂದೆ.

"ಒಂದು ಅಟ್ಟದ ಹುಳಕ್ಕೆ ಹಾಕ್ಬಿಟ್ಟೆ ಕಣೇ. ಇನ್ನೂ ಹದಿನೈದು ಐತೆ ಅಂತ ತೋರಿಸ್ತಿತ್ತಲ್ಲ, ಅದು ಮರ್ತಿರಲ್ಲ, ನಾನೇ ಹೇಳಿಲ್ಲ ಅಂದ್ಕೊಂಡೆ."