ಕುಂಟುವ ಸಿನಿಮಾ

ಟಿವಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಟಿವಿ ಕಂಡರೆ ಅಸಹ್ಯಪಡುವ ಮನುಷ್ಯ ನಾನೊಬ್ಬನೇ ಇರಬೇಕು. ಕೊಳ್ಳೇಗಾಲದ ನಮ್ಮ ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು. ಎಲ್ಲದರಲ್ಲೂ ಬೆಳಗಿನಿಂದ ಸಂಜೆವರೆಗೆ ಅದೇ ಗಿಳಿ, ಅದೇ ಜಲಪಾತ. ಗಿಳಿಯ ಹಸಿರು ನೋಡಿದರೆ ಕಣ್ಣು ಉರಿಯುತ್ತದೆ. ಅಂಥ ಹಸಿರು ಈ ಭೂಮಿಯ ಮೇಲೆ ಯಾವ ಗಿಳಿಗೂ ಇಲ್ಲ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಾನು ಪಕ್ಕದಲ್ಲಿ ನಿಂತು "ಎಂಗೈತೆ ನೋಡಿ ಸಾ" ಅನ್ನುತ್ತೇನೆ. ಅದು ನನ್ನ ಕೆಲಸ.

ಇದಕ್ಕಿಂತ ಅಸಹ್ಯವಾದದ್ದು ಕಾರ್ಖಾನೆಯವರೇ ಚಾಲೂ ಮಾಡಿ ಕಳಿಸುವ ಒಂದು ಸೆಟ್ಟಿಂಗು. ಸಿನಿಮಾ ಅಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಟಿವಿಗೆ ಅದು ಸಾಲದು. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ತಾನೇ ಊಹಿಸಿ, ತಯಾರಿಸಿ, ತುರುಕುತ್ತದೆ. ಆಗ ಎಲ್ಲವೂ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ರಾಜ ಕುದುರೆ ಏರಿ ಬಂದರೂ ಮದುವೆ ಮನೆಯಲ್ಲಿ ವಿಡಿಯೋದವನು ತೆಗೆದ ಹಾಗೆ ಕಾಣುತ್ತದೆ. ಮಹದೇಶ್ವರ ಬೆಟ್ಟದ ಲಾಡ್ಜುಗಳಿಗೆ ನಾನು ಹಾಕಿಕೊಟ್ಟ ಟಿವಿಗಳಲ್ಲೆಲ್ಲ ಇವತ್ತಿಗೂ ಹಾಗೇ ಓಡುತ್ತಿದೆ. ಅದನ್ನು ಆಫ್ ಮಾಡಿ ಕೊಟ್ಟರೆ "ಟಿವಿ ಡಲ್ಲಾಯ್ತು" ಅಂತ ಫೋನ್ ಮಾಡುತ್ತಾರೆ. ಹಾಗಾಗಿ ಆಫ್ ಮಾಡುವುದನ್ನೇ ಬಿಟ್ಟೆ.

ನನಗೆ ಈ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ. ಅಂಗಡಿ ಸೇರುವ ಮೊದಲು ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಮೊದಲು ಹನೂರಿನಲ್ಲಿ ಟೆಂಟು, ಆಮೇಲೆ ಕೊಳ್ಳೇಗಾಲದ ಥಿಯೇಟರು. ಎರಡೂ ಕಡೆ ನನಗೆ ಕೆಲಸ ಕಲಿಸಿದವರು ಒಬ್ಬರೇ. ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ, ಈಗಲೂ ಹಾಗೇ. ಬೂತಿನೊಳಗೆ ಅವರು ಪರದೆ ನೋಡಿದ್ದು ಕಡಿಮೆ. ಮೆಷಿನ್ನಿಗೆ ಬೆನ್ನು ಹಾಕಿ ಬೀಡಿ ಕಟ್ಟುಗಳನ್ನು ಜೋಡಿಸುತ್ತಾ ಇದ್ದರೂ, ಮೆಷಿನ್ನಿನ ಒಂದು ಹಲ್ಲು ರೀಲಿನ ತೂತು ತಪ್ಪಿದರೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಬಲಗೈ ಬೆರಳು ಯಾವಾಗಲೂ ತೊಡೆ ಮೇಲೆ ತಾಳ ಹಾಕುತ್ತಿತ್ತು. ಅವರು ನನಗೆ ಕಲಿಸಿದ ಮೊದಲ ಮಾತು: "ಜನ ಕೂಗುದ್ರೆ ಮೊದ್ಲು ಮಿಸೀನ್ ನೋಡ್ಲಾ. ಜನುನ್ನ ಆಮೇಕೆ ಬಯ್ಕೊ." ಪರದೆ ಮೇಲೆ ಚಿತ್ರ ಅಲುಗಿತು ಅಂತ ಕೆಳಗಿನಿಂದ ಶಿಳ್ಳೆ ಬಿದ್ದರೆ, ಕುಡಿದವರು ಗಲಾಟೆ ಮಾಡ್ತಾರೆ ಅಂತ ನಾನು ಗೊಣಗಿದ್ದುಂಟು. ಅವರು ನನ್ನ ಕಿವಿ ಹಿಂಡಿ ಮೆಷಿನ್ನಿನಲ್ಲಿ ರೀಲು ಬೆಳಕಿಗೆ ಎದುರಾಗಿ ಹಾಯುವ ಗೇಟಿನ ಮುಂದೆ ನಿಲ್ಲಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತಿತ್ತು.

ರೀಲು ಹೋಯಿತು, ಡಿಜಿಟಲ್ ಬಂತು, ನಮ್ಮಿಬ್ಬರ ಕೆಲಸವೂ ಹೋಯಿತು. ಅಣ್ಣ ಯಳಂದೂರಿನಲ್ಲಿ ಮಗಳ ಮನೆ ಸೇರಿಕೊಂಡರು. ಮಗಳು ಅಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಪ್ಪನಿಗೆ ಸಿನಿಮಾ ಅಂದರೆ ಪ್ರಾಣ ಅಂತ ಅವಳು ನಮ್ಮ ಅಂಗಡಿಯಲ್ಲೇ ದೊಡ್ಡ ಟಿವಿ ತೆಗೆದುಕೊಂಡಳು, ಜೊತೆಗೆ ಇಂಟರ್ನೆಟ್ಟಿನಿಂದ ಸಿನಿಮಾ ತರುವ ಪುಟ್ಟ ಪೆಟ್ಟಿಗೆಯೊಂದನ್ನೂ. ಅವತ್ತು ನಾನು ಹನೂರಿಗೆ ಹೋಗಿದ್ದೆ, ಟಿವಿ ಹಾಕಿ ಬಂದವನು ಬೇರೆಯವನು. ಗೋಡೆಗೆ ನಾಲ್ಕು ಮೊಳೆ ಹೊಡೆದು, ಗಿಳಿ ಬಣ್ಣದಲ್ಲೇ ಬಿಟ್ಟು ಬಂದಿದ್ದ.

ಎರಡನೇ ದಿನವೇ ಅಣ್ಣನ ಫೋನು. "ಏನ್ಲಾ ಇದು, ಸಿನಿಮಾನಾ, ಮದ್ವೆ ಕ್ಯಾಸೆಟ್ಟಾ? ಥೂ!"

ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಆ ವ್ಯತ್ಯಾಸ ಕಾಣುವ ಒಂದು ಜೀವವಾದರೂ ಈ ಸೀಮೆಯಲ್ಲಿದೆಯಲ್ಲ! ಫೋನಿನಲ್ಲೇ ಮಗಳಿಗೆ ದಾರಿ ಹೇಳಿ, ಚಿತ್ರ ಹುಟ್ಟಿಸುವ ಆ ಸೆಟ್ಟಿಂಗನ್ನು ಆಫ್ ಮಾಡಿಸಿದೆ. ಮುಗಿಯಿತು ಅಂದುಕೊಂಡೆ.

ವಾರ ಬಿಟ್ಟು ಮತ್ತೆ ಫೋನು. "ಮದ್ವೆ ಓಯ್ತು ಕಣ್ಲಾ. ಈಗ ಕುಂಟ್ತಾ ಅದೆ."

"ಏನು ಕುಂಟ್ತದೆ ಅಣ್ಣ?"

"ಸಿನಿಮಾ. ಕ್ಯಾಮೆರಾ ಆ ಕಡಿಂದ ಈ ಕಡೀಕೆ ತಿರುಗ್ದಾಗ ನೋಡು. ಒಂದೆಜ್ಜೆ ಉದ್ದ, ಒಂದೆಜ್ಜೆ ಗಿಡ್ಡ. ಡಿಸ್ಸಲ್ಲಿ ಬರೋ ಸಿನಿಮಾ ಕುಂಟಾಕಿಲ್ಲ. ಅದು ವಸಿ ಅವಸ್ರುಕ್ಕೆ ಓಡ್ತದೆ, ಅಷ್ಟೆ."

ಅವತ್ತು ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಒಂದು ಕಿವಿಯಲ್ಲಿ ಅಣ್ಣ, ಇನ್ನೊಂದು ಕಿವಿಯಲ್ಲಿ ಗಿರಾಕಿ. ಸಿನಿಮಾ ಅವಸರಕ್ಕೆ ಓಡುತ್ತದಂತೆ! ನಾನು ನಕ್ಕುಬಿಟ್ಟೆ. "ವಯಸ್ಸಾಯ್ತು ಕಣಣ್ಣ. ಕಣ್ಣಲ್ಲಿ ಪೊರೆ ಬಂದಿರ್ಬೇಕು. ಒಂದ್ಸಾರಿ ತೋರುಸ್ಕಳಿ" ಅಂದೆ. "ಊಂ, ಇದ್ದಾತು" ಅಂತ ಫೋನ್ ಇಟ್ಟರು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಉಗಿಯಬೇಕು ಅನಿಸುತ್ತದೆ.

ಮೂರು ತಿಂಗಳು ಅವರ ಫೋನು ಬರಲಿಲ್ಲ. ನನಗೂ ನೆನಪಾಗಲಿಲ್ಲ. ಒಂದು ಭಾನುವಾರ ಯಳಂದೂರಿನಲ್ಲೇ ಬೇರೆ ಮನೆಗೆ ಟಿವಿ ಹಾಕುವ ಕೆಲಸ ಬಿತ್ತು. ಮುಗಿಸಿಕೊಂಡು ಅಣ್ಣನನ್ನು ನೋಡಲು ಹೋದೆ. ಟಿವಿಗೆ ಹಳೇ ಸೀರೆ ಹೊದಿಸಿತ್ತು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು.

ಮಗಳು ಕಾಫಿ ತಂದವಳು ಹೇಳಿದಳು. "ನೀವೇಳುದ್ರಿ ಅಂತ ಮೈಸೂರ್ಗೆ ಕರ್ಕೊಂಡೋಗಿದ್ದೆ ಚಿಕ್ಕಪ್ಪ. ಎರಡ್ ಕಣ್ಣಲ್ಲೂ ಪೊರೆ ಅದೆ, ಇನ್ನೂ ತೆಳ್ಳುಗದೆ, ಅರ್ಜೆಂಟೇನಿಲ್ಲ, ತೊಂದ್ರೆ ಆದ್ರೆ ತಗ್ಸಿ ಅಂದ್ರು ಡಾಕ್ಟ್ರು. ಸಿನಿಮಾ ಕುಂಟೋದೇ ತೊಂದ್ರೆ ಅಂತ ಅಪ್ಪ ಅಟ ಇಡುದ್ರು. ಬಲಗಣ್ಣು ಮಾಡ್ಸಾಯ್ತು. ಆದ್ರೂ ಕುಂಟ್ತಾನೇ ಅದೆಯಂತೆ. ಇನ್ನೊಂದ್ರದ್ದು ಬರೋ ಬುಧವಾರ."

ನಾನು ಕಾಫಿ ಕೆಳಗಿಟ್ಟೆ. ಅಣ್ಣ ನಗಲು ನೋಡಿದರು. "ಎಡ್ಗಣ್ಣೂ ಆದ್ಮೇಲ್ ಸರೋಯ್ತದೆ ಕಣ್ಲಾ. ಆಗ್ನಿಲ್ಲ ಅಂದ್ರೆ ತಲೇಲೇ ಏನೋ ಕೆಟ್ಟದೆ ಅಂತ ಲೆಕ್ಕ." ಬೆರಳು ತೊಡೆ ಮೇಲೆ ಸುಮ್ಮನೆ ಬಿದ್ದಿತ್ತು. ಆ ಬೆರಳು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಎದ್ದು ಅಣ್ಣನನ್ನು ಒಳಗೆ ಟಿವಿ ಮುಂದೆ ಕೂರಿಸಿ ಸೀರೆ ತೆಗೆದೆ. ಪೆಟ್ಟಿಗೆಯಿಂದ ಒಂದು ಹಳೇ ಸಿನಿಮಾ ಹಾಕಿದೆ. ಕ್ಯಾಮೆರಾ ಒಂದು ಬೆಟ್ಟದ ಸಾಲಿನ ಮೇಲೆ ಎಡದಿಂದ ಬಲಕ್ಕೆ ನಿಧಾನ ತಿರುಗುವ ಜಾಗ ಬಂತು. ಬೆಟ್ಟ ಕುಂಟಿತು. ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ, ಉದ್ದ, ಗಿಡ್ಡ. ಕನ್ನಡಕವೇ ಇಲ್ಲದ ನನ್ನ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಮೂರು ತಿಂಗಳ ಹಿಂದೆ ಬೈಕಿನಲ್ಲಿ ಅರ್ಧ ಗಂಟೆ ಬಂದು ನೋಡಿದ್ದರೆ ಅವತ್ತೂ ಹೀಗೇ ಕಾಣುತ್ತಿತ್ತು.

ಅಣ್ಣ ಅವತ್ತು ಫೋನಿನಲ್ಲಿ ರೋಗವನ್ನು ಪೂರ್ತಿ ಹೇಳಿಯೇ ಇಟ್ಟಿದ್ದರು. ಕಣ್ಣು ಕೆಟ್ಟಿದ್ದರೆ ಡಿಶ್ಶಿನಲ್ಲೂ ಕುಂಟಬೇಕಿತ್ತಲ್ಲ! ಡಿಶ್ಶಿನವರು ಸೆಕೆಂಡಿಗೆ ಇಪ್ಪತ್ತೈದು ಚಿತ್ರದ ಲೆಕ್ಕಕ್ಕೆ ಸಿನಿಮಾವನ್ನು ಚೂರು ಬೇಗ ಓಡಿಸುತ್ತಾರೆ. ಪರದೆ ಐವತ್ತು ಸಲ ಹೊಸದಾಗುತ್ತದೆ, ಪ್ರತಿ ಚಿತ್ರಕ್ಕೂ ಸಮನಾಗಿ ಎರಡೆರಡು ಸಲ. ಅದಕ್ಕೇ ಕುಂಟುವುದಿಲ್ಲ, ಅದಕ್ಕೇ ಅವಸರ. ಆ ಚೂರು ಅವಸರವೂ ಅವರಿಗೆ ಗೊತ್ತಾಗಿತ್ತು. ಪೆಟ್ಟಿಗೆಯದು ಬೇರೆ ಕಥೆ. ಅದು ಯಾವ ಸಿನಿಮಾ ಹಾಕಿದರೂ ಸೆಕೆಂಡಿಗೆ ಅರವತ್ತರಂತೆಯೇ ಟಿವಿಗೆ ಕಳಿಸುತ್ತಿತ್ತು. ಅರವತ್ತನ್ನು ಇಪ್ಪತ್ತನಾಲ್ಕು ಚಿತ್ರಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ಒಂದು ಚಿತ್ರ ಮೂರು ಸಲ ನಿಲ್ಲುತ್ತದೆ, ಮುಂದಿನದು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ನಮ್ಮ ಹಳೇ ಮೆಷಿನ್ನಿನಲ್ಲಿ ಪ್ರತಿ ಚಿತ್ರಕ್ಕೂ ಎರಡು ಸಲ ಬೆಳಕು ಬೀಳುತ್ತಿತ್ತು, ಒಂದಕ್ಕೂ ಹೆಚ್ಚಿಲ್ಲ, ಒಂದಕ್ಕೂ ಕಡಿಮೆಯಿಲ್ಲ. ಮೊದಲು ಟಿವಿ ತಾನೇ ಚಿತ್ರ ಹುಟ್ಟಿಸುತ್ತಿದ್ದಾಗ ಈ ಕುಂಟು ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಆಫ್ ಮಾಡಿಸಿ ಕುಂಟನ್ನು ಹೊರಗೆ ತಂದವನು ನಾನು. ಕಣ್ಣಿನ ಮೇಲೆ ಹೊರಿಸಿದವನೂ ನಾನೇ. ನನ್ನ ಮುಖಕ್ಕೆ ನಾನೇ ಕನ್ನಡಿ ಹಿಡಿಯಲಾರದಷ್ಟು ಅಸಹ್ಯವಾಯಿತು.

ಪೆಟ್ಟಿಗೆಯ ಸೆಟ್ಟಿಂಗಿಗೆ ಹೋದೆ. ಸಿನಿಮಾದ ವೇಗಕ್ಕೆ ತಕ್ಕ ಹಾಗೆ ವೇಗ ಬದಲಿಸು ಎನ್ನುವ ಸಾಲು ಅಲ್ಲೇ ಇತ್ತು, ಆಫ್ ಆಗಿತ್ತು. ಆನ್ ಮಾಡಿದೆ. ಟಿವಿಯೊಳಗೂ ಹೊಕ್ಕು, ಆ ಪೆಟ್ಟಿಗೆಯ ವೈರು ಚುಚ್ಚಿದ ಕಡೆಗೆ ಚಿತ್ರ ಹುಟ್ಟಿಸುವುದು ಆಫ್ ಆಗಿದೆಯೇ ಎಂದು ನೋಡಿದೆ. ಆಫ್ ಇತ್ತು. ಸಿನಿಮಾವನ್ನು ಮತ್ತೆ ಹಾಕಿದೆ. ಪರದೆ ಎರಡು ಸೆಕೆಂಡು ಪೂರ್ತಿ ಕಪ್ಪಾಯಿತು.

"ಕರೆಂಟ್ ಓಯ್ತಾ?" ಅಂದರು ಅಣ್ಣ.

"ಇಲ್ಲಣ್ಣ. ಟಿವಿ ಇಪ್ಪತ್ತನಾಲ್ಕಕ್ಕೆ ಸೆಟ್ಟಾಗ್ತಾ ಅದೆ."

ಈ ಟಿವಿಯ ಪರದೆ ಸೆಕೆಂಡಿಗೆ ನೂರಿಪ್ಪತ್ತು ಸಲ ಹೊಸದಾಗಬಲ್ಲದು. ಪೆಟ್ಟಿಗೆ ಇಪ್ಪತ್ತನಾಲ್ಕನ್ನೇ ಕಳಿಸಿದರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಪಾಲು. ಬೆಟ್ಟದ ಸಾಲು ಬಂತು. ಎಡದಿಂದ ಬಲಕ್ಕೆ ಹೋಯಿತು, ಒಂದೇ ಅಳತೆಯ ಹೆಜ್ಜೆಯಲ್ಲಿ. ಅಣ್ಣ ಕಪ್ಪು ಕನ್ನಡಕ ತೆಗೆದರು. ಕ್ಯಾಮೆರಾ ಜೋರಾಗಿ ತಿರುಗಿದ ಒಂದು ಕಡೆ ಚಿತ್ರ ಕೊಂಚ ಅದುರಿತು. ನಾನು ರಿಮೋಟಿಗೆ ಕೈ ಹಾಕಿದೆ.

"ಬುಡು ಬುಡು. ಅದು ಟಾಕೀಸಲ್ಲೂ ಇತ್ತು. ಅದು ಸಿನಿಮಾದ್ದೇ." ತೊಡೆಯ ಮೇಲೆ ಬೆರಳು ತಾಳ ಹಾಕತೊಡಗಿತು.

ಒಂದು ಹಾಡು ಪೂರ್ತಿ ಮುಗಿಯಿತು. ಆಮೇಲೆ ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. "ಅಂಗಾರೆ ನನ್ ಕಣ್ ಸರ್ಯಾಗೇ ಇತ್ತಾ?"

"ಪೊರೆ ಇದ್ರೂ ನೋಟ ಸರ್ಯಾಗೇ ಇತ್ತಣ್ಣ."

"ತಲೆ?"

"ತಲೆನೂವೆ."

ಕಿವಿ ಹಿಂಡುತ್ತಾರೆ ಅಂತ ಕಾದೆ. ಹಿಂಡಿದ್ದರೆ ಚೆನ್ನಾಗಿತ್ತು. ಅವರು ಮಗಳನ್ನು ಕರೆದು, ಕಣ್ಣಾಸ್ಪತ್ರೆಗೆ ಫೋನ್ ಮಾಡಿಸಿ, ಅದನ್ನು ನನ್ನ ಕೈಗೆ ಕೊಟ್ಟರು.

"ಬುಧವಾರ ಬ್ಯಾಡ ಅನ್ನು. ಯಾಕೆ ಅಂತ್ಲೂ ನೀನೇ ಏಳು."

ಆ ಕಡೆ ಒಬ್ಬ ಹೆಣ್ಣುಮಗಳು ಹಲೋ ಅಂದಳು. ತಾರೀಕು ಹೇಳಿ, ಅದು ಬೇಡ ಅಂದೆ. ಕಾರಣ ಕೇಳಿದಳು. ಇಡೀ ಟಾಕೀಸು ಕೆಳಗೆ ಕೂತು ನನ್ನ ಬೂತಿನ ಕಡೆಗೇ ತಿರುಗಿ ನೋಡುತ್ತಿರುವ ಹಾಗಾಯಿತು.

"ತಪ್ಪು ಕಣ್ಣಲ್ಲಿರಲಿಲ್ಲ ಮೇಡಂ, ಟಿವಿಯಲ್ಲಿತ್ತು" ಅಂದೆ. "ನಾನು ಮೆಷಿನ್ ನೋಡದೆ ಹೇಳಿಬಿಟ್ಟಿದ್ದೆ."